‘ಕ್ಲೈಂಟ್ ಕೊಟ್ಟ ಮೇಲೆ ನಿಮಗೆ ಕೊಡುತ್ತೇವೆ’: ಉಪಗುತ್ತಿಗೆದಾರರು ಈ ಮಾತನ್ನು ನ್ಯಾಯವಾಗಿ ಬರೆಯುವ ಕ್ರಮ

ಕೆಲಸ ಮುಗಿಸಿದ ತಂಡಕ್ಕೋ ಸಾಮಾನು ಕೊಟ್ಟವರಿಗೋ ಉಪಗುತ್ತಿಗೆದಾರರು ಕಳಿಸುವ ಸಂದೇಶ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ: ‘ಕ್ಲೈಂಟ್ ಕಡೆಯಿಂದ ಪೇಮೆಂಟ್ ಬಂದಿಲ್ಲ, ಬಂದ ತಕ್ಷಣ ಹಾಕುತ್ತೇವೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.’ ಮರುದಿನವೇ ಫೋನ್ ಬರುತ್ತದೆ, ಜಗಳವಾಗುತ್ತದೆ, ಕೆಲಸ ನಿಲ್ಲುತ್ತದೆ. ಆಮೇಲೆ ಅದೇ ಮಾತನ್ನು ಇನ್ನಷ್ಟು ವಿನಯದ ಪದಗಳಲ್ಲಿ ಬರೆದು ನೋಡುತ್ತಾರೆ. ಪರಿಣಾಮ ಬದಲಾಗುವುದಿಲ್ಲ. ಓದುವವರನ್ನು ಕೆರಳಿಸುವುದು ಪದಗಳ ಒರಟುತನವಲ್ಲ. ಯಾವ ಹಣ, ಎಲ್ಲಿ ನಿಂತಿದೆ, ಕೊನೆಗೆ ಯಾವ ದಿನ ಬರುತ್ತದೆ ಎಂಬ ಮೂರೂ ಆ ಸಂದೇಶದಲ್ಲಿ ಇಲ್ಲದಿರುವುದು.

ಹಾಗಾಗಿ ಇಲ್ಲಿ ಬರವಣಿಗೆ ಐದನೆಯ ಹಂತದಲ್ಲಿ ಬರುತ್ತದೆ. ಮೊದಲ ನಾಲ್ಕನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹೋದರೆ ಚಂದದ ವಾಕ್ಯ ಸಿಗಬಹುದು, ಆದರೆ ಎದುರಿನವರು ಕೇಳುವ ಎರಡನೆಯ ಪ್ರಶ್ನೆಗೆ ಉತ್ತರ ಇರುವುದಿಲ್ಲ.

## ಕೈಯಲ್ಲಿ ಇರಬೇಕಾದ ಕಾಗದಗಳು

ಹಣ ಬರಬೇಕಾದವರಿಗೆ ನೀವು ಕೊಟ್ಟ ವರ್ಕ್ ಆರ್ಡರ್ ಅಥವಾ ಒಪ್ಪಂದ, ಅವರ ಬಿಲ್, ಅವರ ಕೆಲಸದ ಮೆಷರ್‌ಮೆಂಟ್ ಶೀಟ್, ಕೆಲಸ ಸಾಗಿದಂತೆ ನೀವು ಮೇಲಕ್ಕೆ, ಅಂದರೆ ಕ್ಲೈಂಟ್ ಕಡೆಗೆ, ಕಂತುಕಂತಾಗಿ ಕಳಿಸಿದ ರನ್ನಿಂಗ್ ಬಿಲ್‌ಗಳು, ಅವು ಸ್ವೀಕಾರವಾದದ್ದಕ್ಕೆ ಇರುವ ಇಮೇಲ್ ಅಥವಾ ಸೀಲು, ಇದುವರೆಗೆ ಬಂದ ಹಣದ ಬ್ಯಾಂಕ್ ವಿವರ. ಒಪ್ಪಂದ ಬಾಯಿಮಾತಿನದಾಗಿದ್ದರೆ ದರ ಮತ್ತು ಪೇಮೆಂಟ್ ಬಗ್ಗೆ ಮಾತಾಡಿಕೊಂಡ ವಾಟ್ಸಾಪ್ ಸಂದೇಶಗಳನ್ನು ಹುಡುಕಿ ಇಟ್ಟುಕೊಳ್ಳಿ. ನಿಮಗೆ ನೆನಪಿರುವ ಷರತ್ತು ಅವರಿಗೂ ಹಾಗೆಯೇ ನೆನಪಿರುತ್ತದೆ ಎಂದು ಭಾವಿಸಬೇಡಿ.

## ಹಂತ 1: ಹಣ ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚಿ

ಬಿಲ್ ಒಂದು ಹಣವಾಗುವ ದಾರಿಯಲ್ಲಿ ಹಲವು ನಿಲ್ದಾಣಗಳಿವೆ. ಕೆಲಸದ ಅಳತೆ ಆಗಬೇಕು, ಎರಡೂ ಕಡೆಯವರು ಅದಕ್ಕೆ ಸಹಿ ಹಾಕಬೇಕು, ಬಿಲ್ ಸಲ್ಲಿಕೆಯಾಗಬೇಕು, ಎಂಜಿನಿಯರ್ ಪರಿಶೀಲಿಸಿ ಪಾಸ್ ಮಾಡಬೇಕು, ಅಲ್ಲಿಂದ ಅಕೌಂಟ್ಸ್‌ಗೆ ಹೋಗಿ ಅವಧಿ ಮುಗಿದ ಮೇಲೆ ಹಣ ಬಿಡುಗಡೆಯಾಗಬೇಕು. ‘ಕ್ಲೈಂಟ್ ಕೊಟ್ಟಿಲ್ಲ’ ಎಂಬ ಮಾತು ನಿಜವಾಗಿ ಕೊನೆಯ ನಿಲ್ದಾಣಕ್ಕೆ ಮಾತ್ರ ಸಲ್ಲುತ್ತದೆ. ಬಹಳ ಸಲ ಬಿಲ್ ಅಲ್ಲಿಗೆ ತಲುಪಿಯೇ ಇರುವುದಿಲ್ಲ.

ನಿಮ್ಮ ರನ್ನಿಂಗ್ ಬಿಲ್ ತೆಗೆದು ಆ ತಂಡದ ಕೆಲಸ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ನೋಡಿ. ಸಾಲೇ ಇಲ್ಲದಿದ್ದರೆ, ಅಂದರೆ ಅವರ ಕೆಲಸವನ್ನು ನೀವಿನ್ನೂ ಮೇಲಕ್ಕೆ ಬಿಲ್ ಮಾಡಿಯೇ ಇಲ್ಲದಿದ್ದರೆ, ‘ಕ್ಲೈಂಟ್ ಕೊಟ್ಟ ಮೇಲೆ’ ಎಂಬುದು ಸುಳ್ಳಾಗುತ್ತದೆ. ಟೆಸ್ಟ್ ರಿಪೋರ್ಟ್ ಅಥವಾ ಡ್ರಾಯಿಂಗ್ ನೀವು ಕೊಡದೆ ಬಿಲ್ ವಾಪಸಾಗಿದ್ದರೂ ಅಷ್ಟೇ: ಆ ತಡ ನಿಮ್ಮದು, ಅದರ ಭಾರವನ್ನು ಕೆಳಗಿನವರ ಮೇಲೆ ಹಾಕುವಂತಿಲ್ಲ. ಇಂಥ ಸಂದರ್ಭದಲ್ಲಿ ವಿವರಣೆ ಬರೆಯುವುದನ್ನು ನಿಲ್ಲಿಸಿ, ಮೊದಲು ಬಿಲ್ ಸರಿಪಡಿಸಿ ಕಳಿಸಿ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಕ್ಲೈಂಟ್ ಹಣ ಕೊಟ್ಟಿದ್ದಾರೆ, ಆದರೆ ಅದು ಬೇರೆ ಸೈಟಿನ ಸಾಲಕ್ಕೆ ಹೋಗಿದೆ. ಕೆಲಸದ ಜಾಗದಲ್ಲಿ ಹಣ ಬಂದ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ಕ್ಲೈಂಟ್ ಕಡೆಯ ಸೂಪರ್‌ವೈಸರ್‌ನಿಂದ ಒಂದು ಮಾತು ತಂಡದವರ ಕಿವಿಗೆ ಬಿದ್ದರೆ, ಮುಂದೆ ನೀವು ಬರೆಯುವ ನಿಜವನ್ನೂ ಅವರು ನಂಬುವುದಿಲ್ಲ.

## ಹಂತ 2: ಒಪ್ಪಂದ ನಿಮಗೆ ಏನನ್ನು ಹೇಳಲು ಬಿಡುತ್ತದೆ ಎಂದು ನೋಡಿ

ಒಪ್ಪಂದದಲ್ಲಿ ‘ಬಿಲ್ ಕೊಟ್ಟ 30 ದಿನದಲ್ಲಿ ಪಾವತಿ’ ಎಂದು ಬರೆದಿದ್ದರೆ ಕ್ಲೈಂಟ್ ಕೊಟ್ಟರೋ ಇಲ್ಲವೋ ಎಂಬುದು ಅವರಿಗೆ ಸಂಬಂಧವಿಲ್ಲ. ಆಗ ನೀವು ಬರೆಯುತ್ತಿರುವುದು ವಿವರಣೆಯಲ್ಲ, ಗಡುವು ಮುಂದೂಡುವಂತೆ ಮಾಡುವ ವಿನಂತಿ. ಅದನ್ನು ವಿನಂತಿಯಾಗಿಯೇ ಬರೆಯಬೇಕು. ಒಪ್ಪಂದದಲ್ಲೇ ಇತ್ತು ಎಂಬ ಧ್ವನಿಯಲ್ಲಿ ಬರೆದರೆ ಅವರು ಕಾಗದ ತೆಗೆದು ತೋರಿಸುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಕ್ಲೈಂಟ್ ಪಾವತಿಗೆ ಜೋಡಿಸಿದ ಷರತ್ತು ಇದ್ದರೂ ಅದು ಎರಡು ಬಗೆಯದಾಗಿರಬಹುದು. ಒಂದು, ಹಣ ಕೊಡುವ ಸಮಯವನ್ನು ಮಾತ್ರ ಕ್ಲೈಂಟ್ ಪಾವತಿಗೆ ಹೊಂದಿಸುವುದು: ಸಾಲ ಸಾಲವೇ, ದಿನ ಮಾತ್ರ ಆಚೀಚೆ. ಇನ್ನೊಂದು, ಕ್ಲೈಂಟ್ ಕೊಡದಿದ್ದರೆ ನೀವೂ ಕೊಡಬೇಕಿಲ್ಲ ಎನ್ನುವುದು: ಇಲ್ಲಿ ಕ್ಲೈಂಟ್ ಮುಳುಗಿದರೆ ನಷ್ಟ ಕೆಳಗಿನವರದು. ಓದುವವರು ‘ಬಂದ ಮೇಲೆ’ ಎಂಬ ಮಾತನ್ನು ಎರಡನೆಯ ಅರ್ಥದಲ್ಲಿ ತೆಗೆದುಕೊಂಡು ಹೆದರುತ್ತಾರೆ. ನಿಮ್ಮ ಉದ್ದೇಶ ಮೊದಲನೆಯದಾಗಿದ್ದರೆ ಅದನ್ನು ಬಿಡಿಸಿ ಹೇಳಲೇಬೇಕು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1996ರ ಕಟ್ಟಡ ಗುತ್ತಿಗೆ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ, ಮೇಲಿನವರು ದಿವಾಳಿಯಾದ ಸಂದರ್ಭ ಬಿಟ್ಟರೆ ಇಂಥ ಷರತ್ತಿಗೆ ಬೆಲೆಯಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1999ರ ಕಾಯ್ದೆಯಲ್ಲಿ ಇದನ್ನು ತಳ್ಳಿಹಾಕಿದೆ. ಭಾರತದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಬೇರೆ ದಾರಿ ಹಿಡಿದಿದೆ: ಅದರ ವ್ಯಾಪ್ತಿಗೆ ಬರುವ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಸರಕು ಅಥವಾ ಸೇವೆಯ ಹಣವನ್ನು, ಬರಹದಲ್ಲಿ ಏನೇ ಒಪ್ಪಿಕೊಂಡಿದ್ದರೂ, ಸ್ವೀಕರಿಸಿದ ದಿನದಿಂದ 45 ದಿನ ಮೀರದಂತೆ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಕೆಲಸ ನಡೆಯುವ ಕಡೆ ಇಂಥ ನಿಯಮವಿದ್ದರೆ ಸಂದೇಶದಲ್ಲಿ ನೀವು ಕೊಡುವ ದಿನಾಂಕ ಆ ಗಡುವಿನ ಒಳಗೇ ಇರಬೇಕು. ಎಷ್ಟು ನಯವಾಗಿ ಬರೆದರೂ ಕಾನೂನಿನ ಗಡುವು ಮುಂದಕ್ಕೆ ಹೋಗುವುದಿಲ್ಲ.

## ಹಂತ 3: ಬಾಕಿಯನ್ನು ಒಡೆದು ಲೆಕ್ಕ ಹಾಕಿ

ಇಡೀ ಬಾಕಿ ಒಂದೇ ಕಾರಣಕ್ಕೆ ನಿಂತಿರುವುದು ಅಪರೂಪ. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ.

ನೀವು ಒಂದು ಕಚೇರಿ ಕಟ್ಟಡದ ಎಲೆಕ್ಟ್ರಿಕಲ್ ಕೆಲಸದ ಉಪಗುತ್ತಿಗೆದಾರರು. ಕೇಬಲ್ ಟ್ರೇ ಕೂರಿಸಲು ಒಂದು ಸಣ್ಣ ತಂಡಕ್ಕೆ ಕೆಲಸ ಕೊಟ್ಟಿದ್ದೀರಿ. ತಂಡದ ಮುಖ್ಯಸ್ಥರು ಜೂನ್ 5ರಂದು 2,40,000ದ ಬಿಲ್ ಕೊಟ್ಟಿದ್ದಾರೆ. ಪಾವತಿಯ ದಿನ ಬರಹದಲ್ಲಿ ಇಲ್ಲ, ‘ಬಿಲ್ ಪಾಸಾದ ಮೇಲೆ’ ಎಂದು ಬಾಯಲ್ಲಿ ಮಾತಾಗಿದೆ. ಕೆಲಸ ನಡೆಯುವ ಕಡೆ ಕಾನೂನಿನ ಗಡುವು ಈ ಪಾವತಿಗೆ ಅನ್ವಯಿಸುವುದಿಲ್ಲ ಎಂದಿಟ್ಟುಕೊಳ್ಳಿ.

ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ತಂಡದ 60,000ದಷ್ಟು ಕೆಲಸ ನಿಮ್ಮ 2ನೇ ರನ್ನಿಂಗ್ ಬಿಲ್‌ನಲ್ಲೇ ಸೇರಿ, ಅದರ ಹಣ ಬಂದಿದೆ. ಉಳಿದ 1,80,000 ಜೂನ್ 12ರಂದು ಸಲ್ಲಿಸಿದ 3ನೇ ಬಿಲ್‌ನಲ್ಲಿದೆ. ಅಂದರೆ 60,000ಕ್ಕೆ ‘ಕ್ಲೈಂಟ್ ಕೊಟ್ಟಿಲ್ಲ’ ಎನ್ನುವ ಹಾಗೇ ಇಲ್ಲ. ಅದು ಇವತ್ತೇ ಹೋಗಬೇಕಾದ ಹಣ.

ಕ್ಲೈಂಟ್ ನಿಮ್ಮ ಪ್ರತಿ ಬಿಲ್‌ನಲ್ಲೂ 5 ಪರ್ಸೆಂಟ್ ಹಣವನ್ನು ರಿಟೆನ್ಷನ್ ಎಂದು, ಅಂದರೆ ಕೆಲಸ ಸರಿಯಾಗಿ ಮುಗಿಯುವವರೆಗಿನ ಭದ್ರತೆಯಾಗಿ, ಹಿಡಿಯುತ್ತಿರಬಹುದು. ಆದರೆ ತಂಡದ ಜೊತೆ ರಿಟೆನ್ಷನ್ ಮಾತೇ ಆಗಿಲ್ಲದಿದ್ದರೆ ಅವರ ಹಣದಿಂದ ಅದನ್ನು ಮುರಿದುಕೊಳ್ಳಲು ನಿಮಗೆ ಆಧಾರವಿಲ್ಲ. ಇದನ್ನು ಮೆಲ್ಲಗೆ ಸೇರಿಸಿಬಿಡುವ ಅಭ್ಯಾಸ ಬಹಳ ಕಡೆ ಇದೆ, ಜಗಳ ಶುರುವಾಗುವುದು ಅಲ್ಲಿಂದಲೇ.

ಆಮೇಲೆ ಕೂಲಿ. ದಿನಗೂಲಿಯವರ ಹಣವನ್ನು ಕ್ಲೈಂಟ್ ಪಾವತಿಗೆ ಯಾವ ಕಾರಣಕ್ಕೂ ಕಟ್ಟಿಹಾಕಬೇಡಿ. ಅವರು ನಿಮ್ಮ ವ್ಯಾಪಾರದ ಅಪಾಯವನ್ನು ಹಂಚಿಕೊಳ್ಳಲು ಬಂದವರಲ್ಲ. ಉಳಿದ 1,80,000ದಲ್ಲಿ ಆಳುಗಳಿಗೆ ಹೋಗಬೇಕಾದ ಬಾಕಿ ಎಷ್ಟು ಎಂದು ಮುಖ್ಯಸ್ಥರನ್ನೇ ಕೇಳಿ. ಅವರು 50,000 ಎಂದರು ಅನ್ನಿ. ಅದನ್ನು ನಿಮ್ಮ ಸ್ವಂತ ಖಾತೆಯಿಂದ ಕೊಡಬಲ್ಲಿರಾ ಎಂದು ನೋಡಿ. ಕೊಟ್ಟರೆ, ಕ್ಲೈಂಟ್ ಪಾವತಿಗೆ ನಿಜವಾಗಿ ಕಾಯುವ ಮೊತ್ತ 1,30,000ಕ್ಕೆ ಇಳಿಯುತ್ತದೆ. 2,40,000ದ ಬಗ್ಗೆ ಬರೆಯುವ ಕಾಗದಕ್ಕೂ 1,30,000ದ ಬಗ್ಗೆ ಬರೆಯುವ ಕಾಗದಕ್ಕೂ ಇರುವ ಅಂತರವನ್ನು ಯಾವ ಪದಜೋಡಣೆಯೂ ತುಂಬಲಾರದು.

## ಹಂತ 4: ಎರಡು ದಿನಾಂಕ ಗೊತ್ತುಮಾಡಿ

ಮೊದಲನೆಯದು ನಿರೀಕ್ಷೆಯ ದಿನ. ಇದನ್ನು ಅಂದಾಜಿನಲ್ಲಿ ಹೇಳಬೇಡಿ, ಕ್ಲೈಂಟ್ ಜೊತೆಗಿನ ನಿಮ್ಮ ಒಪ್ಪಂದದಿಂದ ಎಣಿಸಿ. ನಮ್ಮ ಉದಾಹರಣೆಯಲ್ಲಿ ಬಿಲ್ ಪರಿಶೀಲನೆಗೆ 14 ದಿನ, ಪಾಸಾದ ಮೇಲೆ ಪಾವತಿಗೆ 30 ದಿನ. ಜೂನ್ 12ಕ್ಕೆ 14 ಸೇರಿಸಿದರೆ ಜೂನ್ 26, ಅಲ್ಲಿಂದ 30 ದಿನಕ್ಕೆ ಜುಲೈ 26.

ಎರಡನೆಯದು ಕೊನೆಯ ದಿನ: ಕ್ಲೈಂಟ್ ಕೊಡಲಿ, ಬಿಡಲಿ, ಅವತ್ತು ನೀವು ಕೊಡುತ್ತೀರಿ. ಬಹುತೇಕರು ಬರೆಯಲು ಹಿಂಜರಿಯುವುದು ಇದನ್ನೇ, ಎದುರಿನವರು ಹುಡುಕುವುದೂ ಇದನ್ನೇ. ಇದಿಲ್ಲದಿದ್ದರೆ ನಿಮ್ಮ ಮಾತಿಗೆ ತುದಿಯಿಲ್ಲ. ನಿರೀಕ್ಷೆಯ ದಿನದಿಂದ ಎರಡು ವಾರದಷ್ಟು ಅಂತರ ಇಟ್ಟುಕೊಂಡರೆ ಇಲ್ಲಿ ಅದು ಆಗಸ್ಟ್ 10. ಆ ದಿನ 1,30,000 ಎಲ್ಲಿಂದ ಬರುತ್ತದೆ ಎಂದು ಈಗಲೇ ಯೋಚಿಸಿ: ಇನ್ನೊಂದು ಕೆಲಸದಿಂದ ಬರುವ ಹಣ, ಬ್ಯಾಂಕಿನ ಓವರ್‌ಡ್ರಾಫ್ಟ್, ನಿಮ್ಮ ಸ್ವಂತ ಲಾಭದ ಪಾಲು. ಮೂಲ ಗೊತ್ತಿಲ್ಲದೆ ದಿನಾಂಕ ಬರೆಯಬೇಡಿ. ಇಡೀ ಮೊತ್ತಕ್ಕೆ ಆಗದಿದ್ದರೆ ಅರ್ಧಕ್ಕೆ ಒಂದು ದಿನ, ಉಳಿದರ್ಧಕ್ಕೆ ಇನ್ನೊಂದು ದಿನ ಎಂದು ಬರೆಯುವುದು ಈಡೇರದ ಒಂದು ಭರವಸೆಗಿಂತ ಎಷ್ಟೋ ಮೇಲು.

## ಹಂತ 5: ಬರೆಯಿರಿ

ವಾಕ್ಯಗಳ ಕ್ರಮ ಮುಖ್ಯ. ಸಾಮಾನ್ಯವಾಗಿ ಜನ ಕ್ಲೈಂಟ್‌ನ ಕಷ್ಟದಿಂದ ಶುರುಮಾಡುತ್ತಾರೆ. ಓದುವವರಿಗೆ ಅದು ತಪ್ಪಿಸಿಕೊಳ್ಳುವ ಮಾತಾಗಿ ಕೇಳುತ್ತದೆ, ಏಕೆಂದರೆ ತಮ್ಮ ಹಣ ಇವರ ಲೆಕ್ಕದಲ್ಲಿ ಇದೆಯೋ ಇಲ್ಲವೋ ಎಂಬುದೇ ಅವರಿಗಿನ್ನೂ ತಿಳಿದಿರುವುದಿಲ್ಲ.

ಮೊದಲು ಸಾಲವನ್ನು ಒಪ್ಪಿಕೊಳ್ಳಿ, ಬಿಲ್ ತಾರೀಖು ಮತ್ತು ಮೊತ್ತದ ಸಮೇತ. ಅಳತೆಯಲ್ಲಿ ತಕರಾರಿದ್ದರೆ ಒಪ್ಪಿಗೆಯಿರುವ ಮೊತ್ತ ಮತ್ತು ತಕರಾರಿನ ಮೊತ್ತವನ್ನು ಬೇರೆ ಬೇರೆ ಬರೆಯಿರಿ. ಇಲ್ಲಿ ಎಚ್ಚರ ಬೇಕು: ಬರಹದಲ್ಲಿ ಒಪ್ಪಿಕೊಂಡ ಬಾಕಿ ಮುಂದೆ ವ್ಯಾಜ್ಯವಾದರೆ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅಂಕಿಯನ್ನು ಮೆಷರ್‌ಮೆಂಟ್ ಶೀಟ್ ನೋಡಿ ಖಚಿತಪಡಿಸಿಕೊಂಡೇ ಬರೆಯಿರಿ. ಹೆದರಿ ಮೊತ್ತವನ್ನೇ ಬಿಟ್ಟುಬಿಡುವುದು ಪರಿಹಾರವಲ್ಲ, ಮೊತ್ತವಿಲ್ಲದ ಕಾಗದವನ್ನು ಯಾರೂ ನಂಬುವುದಿಲ್ಲ.

ಎರಡನೆಯದಾಗಿ ಈಗ ಕೊಡುತ್ತಿರುವ ಹಣ. ಮೂರನೆಯದಾಗಿ ಉಳಿದದ್ದು ಎಲ್ಲಿ ನಿಂತಿದೆ ಎಂಬುದು, ಬಿಲ್ ಸಂಖ್ಯೆ ಮತ್ತು ಸಲ್ಲಿಸಿದ ತಾರೀಖಿನೊಂದಿಗೆ. ಆಮೇಲೆ ಎರಡು ದಿನಾಂಕ. ಕೊನೆಗೆ ಮುಂದಿನ ಸುದ್ದಿ ಯಾವತ್ತು, ಯಾರಿಂದ ಬರುತ್ತದೆ ಎಂಬುದು.

ಹೀಗೆ ಬರೆದರೆ ಮೊದಲಿನ ಸಂದೇಶ ಈ ರೂಪಕ್ಕೆ ಬರುತ್ತದೆ:

> ನಮಸ್ಕಾರ. ಜೂನ್ 5ರ ನಿಮ್ಮ ಬಿಲ್ 2,40,000 ನಮ್ಮ ಲೆಕ್ಕಕ್ಕೆ ಸರಿಹೊಂದಿದೆ, ಅಳತೆಯಲ್ಲಿ ತಕರಾರಿಲ್ಲ.
>
> ಇದರಲ್ಲಿ 60,000ದ ಕೆಲಸಕ್ಕೆ ಕ್ಲೈಂಟ್‌ನಿಂದ ಹಣ ಬಂದಿದೆ. ಆಳುಗಳ ಕೂಲಿಗೆಂದು ನಾವು 50,000 ಸೇರಿಸಿ, ಒಟ್ಟು 1,10,000ವನ್ನು ಇವತ್ತು ನಿಮ್ಮ ಖಾತೆಗೆ ಹಾಕುತ್ತಿದ್ದೇವೆ.
>
> ಉಳಿದ 1,30,000 ನಮ್ಮ 3ನೇ ರನ್ನಿಂಗ್ ಬಿಲ್‌ನಲ್ಲಿದೆ. ಅದನ್ನು ಜೂನ್ 12ರಂದು ಸಲ್ಲಿಸಿದ್ದೇವೆ, ಎಂಜಿನಿಯರ್ ಪರಿಶೀಲನೆಯಲ್ಲಿದೆ. ಒಪ್ಪಂದದ ಪ್ರಕಾರ ಹಣ ಜುಲೈ 26ರೊಳಗೆ ಬರಬೇಕು. ಬಂದ ಮೂರು ದಿನದಲ್ಲಿ ನಿಮಗೆ ಹಾಕುತ್ತೇವೆ. ಬರದಿದ್ದರೂ ಆಗಸ್ಟ್ 10ರಂದು ನಮ್ಮ ಖಾತೆಯಿಂದ ಕೊಡುತ್ತೇವೆ.
>
> ಬಿಲ್ ಪಾಸಾಯಿತೋ ಇಲ್ಲವೋ ಎಂಬುದನ್ನು ಜೂನ್ 27ರಂದು ನಾನೇ ತಿಳಿಸುತ್ತೇನೆ. ಈ ದಿನಾಂಕಗಳಿಂದ ನಿಮಗೆ ತೊಂದರೆಯಾದರೆ ಈಗಲೇ ಹೇಳಿ, ಮಾತಾಡೋಣ.

ಕೊನೆಯ ವಾಕ್ಯ ಉಪಚಾರಕ್ಕಲ್ಲ. ತಂಡದ ಮುಖ್ಯಸ್ಥರು ಟ್ರೇ ಅಂಗಡಿಗೆ ಜುಲೈ 15ಕ್ಕೆ ಹಣ ಕಟ್ಟಬೇಕಿರಬಹುದು. ಅದು ಈಗಲೇ ತಿಳಿದರೆ 20,000ವನ್ನು ಮುಂಚೆ ಕೊಟ್ಟು ಉಳಿದದ್ದಕ್ಕೆ ಕಾಯಲು ಅವರನ್ನು ಒಪ್ಪಿಸಬಹುದು.

ತಿದ್ದುವಾಗ ಕೆಲವು ಮಾತುಗಳನ್ನು ಹುಡುಕಿ ತೆಗೆಯಿರಿ. ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದರೆ ಒಪ್ಪಂದ ಮಾಡಿಕೊಂಡವರು ನೀವೇ ಎಂಬುದನ್ನು ಮರೆಸುವ ಪ್ರಯತ್ನವಾಗಿ ಕಾಣುತ್ತದೆ. ‘ಬಂದ ತಕ್ಷಣ’ ಎಂಬಲ್ಲಿ ದಿನಗಳ ಸಂಖ್ಯೆ ಹಾಕಿ. ‘ಎಲ್ಲರಿಗೂ ಹೀಗೇ ಇದೆ’ ಎಂಬುದು ಅವರ ಹಣದ ಪ್ರಶ್ನೆಗೆ ಉತ್ತರವಲ್ಲ. ‘ಇಷ್ಟು ವರ್ಷದ ಸಂಬಂಧ’ ಎಂಬ ಮಾತನ್ನು ಹಣ ಕೊಡಬೇಕಾದವರು ಎತ್ತಬಾರದು, ಹಣ ಬರಬೇಕಾದವರು ಎತ್ತಿದರೆ ಕೇಳಿಸಿಕೊಳ್ಳಬೇಕು. ಕ್ಲೈಂಟ್ ಬಗ್ಗೆ ದೂರನ್ನೂ ಬರೆಯಬೇಡಿ. ಸಂದೇಶ ಫಾರ್ವರ್ಡ್ ಆಗಿ ಅವರ ಫೋನಿಗೇ ತಲುಪಿದರೆ ಬಿಲ್ ಇನ್ನಷ್ಟು ತಡವಾಗುತ್ತದೆ.

## ಹಂತ 6: ಕಳಿಸುವುದು

ಅವರು ಹಣ ನಿರೀಕ್ಷಿಸುವ ದಿನಕ್ಕೆ ಒಂದು ವಾರ ಮೊದಲೇ ಕಳಿಸಿ. ಇದೇ ಪತ್ರ ಗಡುವಿನ ಮರುದಿನ ಹೋದರೆ ನೆಪವಾಗಿ ಕಾಣುತ್ತದೆ. ಮೊದಲು ಫೋನಿನಲ್ಲಿ ಮಾತಾಡಿ, ಆಮೇಲೆ ಬರಹ. ಹಣದ ವಿಷಯ ನಿರ್ಧರಿಸಬಲ್ಲವರೇ ಮಾತಾಡಬೇಕು. ಸೈಟ್ ಸೂಪರ್‌ವೈಸರ್ ಮೂಲಕ ಹೇಳಿಸಿದರೆ ಅವರು ತಮ್ಮ ಕಡೆಯಿಂದ ‘ಮುಂದಿನ ವಾರ ಆಗುತ್ತೆ ಬಿಡಿ’ ಎಂದು ಸೇರಿಸಿಬಿಡುತ್ತಾರೆ, ಬರಹದ ದಿನಾಂಕಕ್ಕೆ ಬೆಲೆ ಹೋಗುತ್ತದೆ. ಇವತ್ತು ಹಾಕುತ್ತೇವೆ ಎಂದ ಹಣ ಬರಹ ತಲುಪುವ ಮೊದಲೇ ಖಾತೆಗೆ ಬಿದ್ದಿದ್ದರೆ ಉತ್ತಮ.

ಪುರಾವೆ ಕೇಳಿದರೆ ಬೇಸರಪಡಬೇಡಿ. ಬಿಲ್ ಸಲ್ಲಿಸಿದ ಇಮೇಲ್, ಸ್ವೀಕೃತಿಯ ಪುಟ, ಅವರ ಕೆಲಸದ ಅಳತೆ ಇರುವ ಸಾಲು ತೋರಿಸಿ. ನಿಮ್ಮ ದರ ಮತ್ತು ಬೇರೆಯವರ ಸಾಲುಗಳನ್ನು ಮುಚ್ಚಿ ತೋರಿಸಬಹುದು, ಅದು ಅವರಿಗೆ ಬೇಕಾದ ಮಾಹಿತಿಯಲ್ಲ.

## ಹಂತ 7: ಕಳಿಸಿದ ಮೇಲೆ

ಜೂನ್ 27ರಂದು ಹೇಳುತ್ತೇನೆ ಎಂದಿದ್ದರೆ ಸುದ್ದಿ ಇರಲಿ, ಇಲ್ಲದಿರಲಿ, ಅವತ್ತು ಹೇಳಿ. ‘ಇನ್ನೂ ಪಾಸಾಗಿಲ್ಲ, ಎರಡು ಮಹಡಿಯ ಅಳತೆ ಮತ್ತೆ ನೋಡಬೇಕಂತೆ, ಸೋಮವಾರ ಜಂಟಿ ಅಳತೆ ಇದೆ, ನಿಮ್ಮ ಕಡೆಯವರೊಬ್ಬರು ಬನ್ನಿ’ ಎಂಬ ಒಂದು ಸಾಲು ಸಾಕು. ಕೆಲಸ ಮಾಡಿದವರೇ ಅಳತೆಗೆ ಬಂದರೆ ಬಿಲ್ ಬೇಗ ಪಾಸಾಗುವುದೂ ಉಂಟು, ಏಕೆಂದರೆ ಯಾವ ಟ್ರೇ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಕೆಲವು ಸೂಚನೆ ಕಂಡರೆ ಈ ಕಾಗದದ ಮೇಲೆ ಭಾರ ಹಾಕುವುದನ್ನು ಬಿಡಿ. ಕ್ಲೈಂಟ್ ಹಿಂದೆ ಪಾಸಾದ ಬಿಲ್‌ಗೂ ಹಣ ಕೊಡುತ್ತಿಲ್ಲ, ಎಂಜಿನಿಯರ್ ಬದಲಾದರೆಂದು ಅಳತೆಯನ್ನು ಮೊದಲಿನಿಂದ ಕೇಳುತ್ತಿದ್ದಾರೆ, ಸೈಟಿನಲ್ಲಿ ಬೇರೆ ಗುತ್ತಿಗೆದಾರರೂ ಆಳುಗಳನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದಾರೆ: ಇವು ತಡದ ಲಕ್ಷಣಗಳಲ್ಲ, ಹಣ ಬಾರದೇ ಹೋಗುವ ಲಕ್ಷಣಗಳು. ಆಗ ನೀವು ಮೇಲಿನವರಿಗೆ ಬರಹದ ನೋಟಿಸ್ ಕೊಟ್ಟು, ವಕೀಲರನ್ನು ಕಂಡು, ತಂಡದ ಹೊಸ ಕೆಲಸವನ್ನು ನಿಲ್ಲಿಸಬೇಕು. ಹಣ ಬರುವ ನಂಬಿಕೆ ನಿಮಗೇ ಇಲ್ಲದಿರುವಾಗ ಅವರಿಂದ ಇನ್ನೊಂದು ಮಹಡಿಯ ಕೆಲಸ ಮಾಡಿಸಿಕೊಳ್ಳುವುದು ಮೋಸ, ಅದನ್ನು ನ್ಯಾಯವಾಗಿ ಕಾಣಿಸುವ ಬರವಣಿಗೆ ಇಲ್ಲ.

ಆಗಸ್ಟ್ 10ಕ್ಕೆ ಹಣ ಹೊಂದುವುದಿಲ್ಲ ಎಂದು ಆಗಸ್ಟ್ 1ಕ್ಕೇ ತಿಳಿದರೆ ಅವತ್ತೇ ಫೋನ್ ಮಾಡಿ. ಹೊಸ ದಿನಾಂಕವನ್ನು ಬರಿಗೈಯಲ್ಲಿ ಕೇಳಬೇಡಿ, 1,30,000ದಲ್ಲಿ ಆಗುವಷ್ಟನ್ನು ಹಾಕಿ ಉಳಿದದ್ದಕ್ಕೆ ಕೇಳಿ. ತಡವಾದ ದಿನಗಳಿಗೆ ಬಡ್ಡಿಯನ್ನೋ ಮುಂದಿನ ಕೆಲಸದಲ್ಲಿ ಮುಂಗಡವನ್ನೋ ನೀವಾಗಿಯೇ ಮುಂದಿಡಿ. ಅವರು ಒಪ್ಪದೆ ಕೆಲಸ ನಿಲ್ಲಿಸಿದರೆ ಅದನ್ನು ಬೆದರಿಕೆ ಎಂದು ಮೇಲಿನವರಿಗೆ ಬರೆಯಬೇಡಿ. ಮುಂದಿನ ವರ್ಕ್ ಆರ್ಡರ್ ಕೊಡುವಾಗ ‘ಬಿಲ್ ಪಾಸಾದ ಮೇಲೆ’ ಎಂಬ ಬಾಯಿಮಾತನ್ನು ಬಿಟ್ಟು, ‘ಕ್ಲೈಂಟ್ ಪಾವತಿಯಾದ 3 ದಿನದಲ್ಲಿ, ಅಥವಾ ನಿಮ್ಮ ಬಿಲ್ ಕೊಟ್ಟ ದಿನದಿಂದ 60 ದಿನದಲ್ಲಿ, ಯಾವುದು ಮೊದಲೋ ಅದು’ ಎಂದು ಬರೆದು ಎರಡೂ ಕಡೆ ಸಹಿ ಹಾಕಿಸಿ. ಕಾನೂನಿನ ಗಡುವು 60ಕ್ಕಿಂತ ಕಡಿಮೆ ಇದ್ದರೆ ಆ ಸಂಖ್ಯೆಯನ್ನೇ ಹಾಕಿ.